ರೂಟರ್ ಬದಲಾದ ಮೇಲೆ ವೈಫೈನಲ್ಲಿ ನಿಲ್ಲದ ಸ್ಮಾರ್ಟ್ ಸ್ಪೀಕರ್: ಮೂರು ವರ್ಷ ಬಳಸಿದವರ ಮಾತು

ಮೊದಲು ಅಂಕ ಕೊಟ್ಟುಬಿಡ್ತೀನಿ. ಧ್ವನಿಗೆ ಐದಕ್ಕೆ ನಾಲ್ಕು. ದೂರದಿಂದ ಕರೆದರೂ ಕೇಳಿಸಿಕೊಳ್ಳುವ ಮೈಕ್‌ಗೂ ನಾಲ್ಕು. ವೈಫೈ ಹಿಡಿದುಕೊಳ್ಳುವುದಕ್ಕೆ ಎರಡು, ಅದೂ ಸ್ವಲ್ಪ ಧಾರಾಳವಾಗಿ. ಕಂಪನಿಯ ಹೆಸರು ಬೇಡ. ಯಾಕೆಂದರೆ ಇದೇ ತೊಂದರೆ ಬೇರೆ ಕಂಪನಿಗಳ ಸ್ಪೀಕರ್, ಬಲ್ಬು, ಪ್ಲಗ್ಗುಗಳಲ್ಲೂ ಬರುತ್ತದೆ.

ಸ್ಪೀಕರ್ ಇರುವುದು ಅಡುಗೆಮನೆಯ ಶೆಲ್ಫ್ ಮೇಲೆ. ಬೆಳಗ್ಗೆ ಅಮ್ಮನಿಗೆ ದಾಸರ ಪದ, ಆಮೇಲೆ ಕುಕ್ಕರ್ ಇಟ್ಟಾಗ ಟೈಮರ್, ಸಂಜೆ ನನಗೆ ಸುದ್ದಿ. ಹಳೆಯ ರೂಟರ್ ಇದ್ದಷ್ಟು ಕಾಲ ಅದರ ಬಗ್ಗೆ ಯೋಚನೆ ಮಾಡುವ ಪ್ರಸಂಗವೇ ಬರಲಿಲ್ಲ. ಕರೆಂಟ್ ಹೋಗಿ ಬಂದರೂ ತಾನೇ ಕನೆಕ್ಟ್ ಆಗುತ್ತಿತ್ತು. ಹೋದ ವರ್ಷ ಫೈಬರ್‌ನವರು ಪ್ಲಾನ್ ಬದಲಾಯಿಸುವಾಗ ಹಳೇ ಡಬ್ಬಿ ತೆಗೆದು, 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಬ್ಯಾಂಡ್, ಅಂದರೆ ಎರಡು ರೇಡಿಯೋ ದಾರಿ ಇರುವ ಹೊಸದನ್ನು ಹಾಕಿದರು. ಬಂದ ಹುಡುಗ ಜಾಣ. ಹಳೆಯ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಹಾಗೇ ಇಟ್ಟ. ಫೋನು, ಟಿವಿ, ಸ್ಪೀಕರ್ ಎಲ್ಲವೂ ಯಾರೂ ಮುಟ್ಟದೆ ಕನೆಕ್ಟ್ ಆದವು. ತೊಂದರೆ ಶುರುವಾಗಿದ್ದು ಮರುದಿನ.

ಹಾಡು ಮಧ್ಯೆ ನಿಲ್ಲುವುದು, ಕರೆದರೆ ಇಂಟರ್ನೆಟ್ ಇಲ್ಲ ಅನ್ನುವುದು, ಸ್ವಲ್ಪ ಹೊತ್ತು ಬಿಟ್ಟು ಏನೂ ಆಗದವರ ಹಾಗೆ ಮತ್ತೆ ಹಾಡುವುದು. ಕೆಲವು ದಿನ ಮಧ್ಯಾಹ್ನದವರೆಗೂ ಸರಿ, ಕೆಲವು ದಿನ ಗಂಟೆಗೊಮ್ಮೆ ಮುನಿಸು. ಆಪ್ ತೆಗೆದರೆ ಆಫ್‌ಲೈನ್ ಅನ್ನುವ ಒಂದು ಪದ ಬಿಟ್ಟರೆ ಬೇರೇನೂ ಇಲ್ಲ. ಯಾವ ಬ್ಯಾಂಡ್‌ನಲ್ಲಿತ್ತು, ಸಿಗ್ನಲ್ ಎಷ್ಟಿತ್ತು, ಯಾಕೆ ಬಿಟ್ಟಿತು, ಒಂದೂ ಹೇಳುವುದಿಲ್ಲ. ಅಂಕ ಕಳೆದಿದ್ದು ಮುಖ್ಯವಾಗಿ ಇದಕ್ಕೇ.

ಕಸ್ಟಮರ್ ಕೇರ್‌ನವರ ಬಳಿ ಒಂದೇ ಮದ್ದು: ಫ್ಯಾಕ್ಟರಿ ರೀಸೆಟ್. ಮಾಡಿದೆ. ಅಲಾರಂ, ಹಾಡಿನ ಪಟ್ಟಿ ಎಲ್ಲಾ ಹೊಸದಾಗಿ ಹಾಕಬೇಕಾಯಿತು. ಆ ಸಂಜೆ ಪೂರ್ತಿ ಚೆನ್ನಾಗಿ ಹಾಡಿತು, ಬೆಳಗ್ಗೆ ಮತ್ತೆ ಅದೇ ಕಥೆ. ಇಲ್ಲೇ ಜನ ಮೋಸ ಹೋಗುವುದು. ರೀಸೆಟ್ ಮಾಡಿದರೆ ಸ್ಪೀಕರ್ ಹೊಸದಾಗಿ ವೈಫೈಗೆ ಸೇರುತ್ತದೆ, ಸೇರಿದ ಮೇಲೆ ಸ್ವಲ್ಪ ಹೊತ್ತು ಸರಿಯಾಗಿಯೇ ಇರುತ್ತದೆ. ಪ್ಲಗ್ ಕಿತ್ತು ಹಾಕಿದರೂ ಅಷ್ಟೇ ಫಲ. ಸೇರುವುದರಲ್ಲಿ ತೊಂದರೆ ಇಲ್ಲ, ನಿಲ್ಲುವುದರಲ್ಲಿ ತೊಂದರೆ ಇದೆ ಅಂದಾಗ ರೀಸೆಟ್ ಏನು ಮಾಡೀತು?

ಈ ವ್ಯತ್ಯಾಸ ಗಮನಿಸಿ, ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಸ್ಪೀಕರ್ ಹೊಸ ರೂಟರ್‌ಗೆ ಸೇರುವುದೇ ಇಲ್ಲ ಅಂದರೆ ಪಾಸ್‌ವರ್ಡ್ ತಪ್ಪಿರಬಹುದು, ಅಥವಾ ರೂಟರ್‌ನಲ್ಲಿ ಭದ್ರತೆಯನ್ನು `WPA3` ಮಾತ್ರ ಅಂತ ಇಟ್ಟಿರಬಹುದು. ಹಳೇ ಸ್ಪೀಕರ್‌ಗಳಿಗೆ `WPA2` ಬೇಕು. ಸೇರಿ, ಹಾಡಿ, ಆಮೇಲೆ ಬಿಟ್ಟುಹೋಗುತ್ತದೆ ಅಂದರೆ ಪಾಸ್‌ವರ್ಡ್ ಸರಿಯಾಗಿಯೇ ಇದೆ. ಅದನ್ನೇ ಮತ್ತೆ ಮತ್ತೆ ಟೈಪ್ ಮಾಡಿ ಪ್ರಯೋಜನ ಇಲ್ಲ.

ಫೈಬರ್‌ನವರಿಗೆ ಫೋನ್ ಮಾಡಿದೆ. "ಸರ್, ಫೋನಲ್ಲಿ ನೆಟ್ ಬರ್ತಿದೆ ಅಲ್ವಾ? ಹಂಗಾದ್ರೆ ಸ್ಪೀಕರ್ ಕಂಪ್ನಿಯವರನ್ನ ಕೇಳಿ" ಅಂದರು. ಸ್ಪೀಕರ್‌ನವರು ರೂಟರ್ ಕಡೆ, ರೂಟರ್‌ನವರು ಸ್ಪೀಕರ್ ಕಡೆ ಕೈ ತೋರಿಸಿದರು. ಅಮ್ಮ ಮಾತ್ರ ನನ್ನ ಕಡೆ ನೋಡುತ್ತಿದ್ದರು. "ಹಳೇ ಡಬ್ಬಿನೇ ಚೆನ್ನಾಗಿತ್ತು ಕಣೋ, ಅದನ್ನೇ ಹಾಕಿಸ್ಬಾರ್ದಾ?"

ತಪ್ಪು ಯಾರದ್ದು ಅಂತ ಗೊತ್ತಾಗಲು ಒಂದು ಸುಲಭ ಪರೀಕ್ಷೆ ಇದೆ. ರೂಟರ್ ಆಫ್ ಮಾಡಿ. ಫೋನಿನ ಹಾಟ್‌ಸ್ಪಾಟ್‌ಗೆ ಮನೆಯ ವೈಫೈ ಹೆಸರು, ಅದೇ ಪಾಸ್‌ವರ್ಡ್ ಅಕ್ಷರ ಬಿಡದೆ ಕೊಡಿ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 2.4 ಗಿಗಾಹರ್ಟ್ಸ್ ಅಂತ ಆರಿಸಿ. ಸ್ಪೀಕರ್‌ಗೆ ಇದು ಬೇರೆ ವೈಫೈ ಅಂತ ಗೊತ್ತಾಗುವುದಿಲ್ಲ, ಸಾಮಾನ್ಯವಾಗಿ ತಾನೇ ಬಂದು ಸೇರುತ್ತದೆ. ಫೋನನ್ನು ಚಾರ್ಜಿಗೆ ಹಾಕಿ, ರೂಟರ್ ಇರುವ ಜಾಗದಲ್ಲೇ ಇಟ್ಟು ರಾತ್ರಿಯಿಡೀ ಬಿಟ್ಟೆ. ಒಂದು ಸಲವೂ ಬಿಟ್ಟುಹೋಗಲಿಲ್ಲ. ಸ್ಪೀಕರ್ ಕೆಟ್ಟಿಲ್ಲ ಅಂತ ಖಾತ್ರಿಯಾಯಿತು.

ಆಮೇಲೆ ರೂಟರ್ ಕಡೆ ನೋಡಿದೆ. ಬ್ರೌಸರ್‌ನಲ್ಲಿ `192.168.1.1` ಟೈಪ್ ಮಾಡಿ ಒಳಗೆ ಹೋದರೆ, ಕನೆಕ್ಟ್ ಆಗಿರುವ ಸಾಧನಗಳ ಪಟ್ಟಿ ಸಿಗುತ್ತದೆ. ಕೆಲವು ಡಬ್ಬಿಗಳಲ್ಲಿ ವಿಳಾಸ ಬೇರೆ ಇರಬಹುದು, ಡಬ್ಬಿಯ ಹಿಂದಿನ ಸ್ಟಿಕ್ಕರ್ ನೋಡಿ. ಪಟ್ಟಿಯಲ್ಲಿ ಸ್ಪೀಕರ್ ಹೆಸರು ಇಲ್ಲದೆ ಬರೀ ಮ್ಯಾಕ್ ಅಡ್ರೆಸ್ ಅನ್ನುವ ಗುರುತಿನ ಸಂಖ್ಯೆ ಕಾಣಬಹುದು. ಅದು ಸ್ಪೀಕರ್ ಆಪ್‌ನ ಮಾಹಿತಿ ಪುಟದಲ್ಲಿ ಇರುತ್ತದೆ, ಹೋಲಿಸಿ ನೋಡಬೇಕು. ಹಾಡು ಹಾಕಿ, ಆ ಪುಟವನ್ನು ಆಗಾಗ ರಿಫ್ರೆಶ್ ಮಾಡುತ್ತಾ ಕೂತೆ. ಮೊದಲು ಸ್ಪೀಕರ್ 2.4ರ ಕೆಳಗಿತ್ತು, ಸಿಗ್ನಲ್ ಮೈನಸ್ 55ರ ಆಸುಪಾಸು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮಾಯವಾಗಿ 5 ಗಿಗಾಹರ್ಟ್ಸ್ ಕೆಳಗೆ ಬಂತು, ಸಿಗ್ನಲ್ ಮೈನಸ್ 80. ಆಮೇಲೆ ಎರಡರಲ್ಲೂ ಇಲ್ಲ. ಅಡುಗೆಮನೆಯಲ್ಲಿ ಹಾಡು ನಿಂತಿದ್ದೂ ಆಗಲೇ.

ಈ ಸಂಖ್ಯೆ ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 55 ಅಂದರೆ ಗಟ್ಟಿ ಸಿಗ್ನಲ್. ಮೈನಸ್ 80 ಅಂದರೆ ಹಿಡಿದಿದ್ದೂ ಆಯಿತು ಬಿಟ್ಟಿದ್ದೂ ಆಯಿತು ಅನ್ನುವ ಹಾಗೆ. ರೂಟರ್ ಇರುವುದು ನಡುಮನೆಯಲ್ಲಿ. ಅಲ್ಲಿಂದ ಅಡುಗೆಮನೆಗೆ ಒಂಬತ್ತಿಂಚಿನ ಗೋಡೆ ಎರಡು, ನಡುವೆ ಫ್ರಿಜ್ಜು ಬೇರೆ. 2.4 ಇಂಥ ಗೋಡೆ ದಾಟಿ ಬರುತ್ತದೆ. 5 ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೊರಗುತ್ತದೆ.

ಹಾಗಾದರೆ ಚೆನ್ನಾಗಿರುವ ಬ್ಯಾಂಡ್ ಬಿಟ್ಟು ಸ್ಪೀಕರ್ ಅಲ್ಲಿಗೆ ಯಾಕೆ ಹೋಗುತ್ತದೆ? ಹೊಸ ರೂಟರ್ ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರು ಇಟ್ಟು, ಯಾರು ಎಲ್ಲಿರಬೇಕು ಅಂತ ತಾನೇ ನೋಡಿಕೊಳ್ಳುತ್ತದೆ. ಸೆಟ್ಟಿಂಗ್‌ನಲ್ಲಿ ಇದಕ್ಕೆ `Band Steering` ಅಂತಲೋ `Smart Connect` ಅಂತಲೋ ಹೆಸರಿರುತ್ತದೆ. ಬಸ್ಸು ಖಾಲಿ ಇದ್ದರೂ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುವ ಕಂಡಕ್ಟರ್ ಹಾಗೆ, ಎರಡೂ ಬ್ಯಾಂಡ್ ಬಲ್ಲ ಸಾಧನ ಕಂಡರೆ 5ರ ಕಡೆ ತಳ್ಳುತ್ತದೆ. ಮೊದಲು ಹೋಗು ಅಂತ ಸೂಚನೆ ಕಳಿಸುತ್ತದೆ. ಕೇಳದಿದ್ದರೆ ಕೆಲವು ರೂಟರ್‌ಗಳು ಸಂಪರ್ಕವನ್ನೇ ಕತ್ತರಿಸಿ, 2.4ರಲ್ಲಿ ಮತ್ತೆ ಬಂದರೂ ಸ್ವಲ್ಪ ಹೊತ್ತು ಉತ್ತರ ಕೊಡುವುದಿಲ್ಲ. ಈಗಿನ ಫೋನುಗಳು ಈ ಸೂಚನೆಯನ್ನು ಅರ್ಥ ಮಾಡಿಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಬದಲಾಯಿಸುತ್ತವೆ. ಹಾಗಾಗಿ ಫೋನ್ ಹಿಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನನ್ನ ಸ್ಪೀಕರ್‌ಗೆ ಅಷ್ಟು ಚುರುಕಿಲ್ಲ. ಹೋಗುತ್ತದೆ, ಅಲ್ಲಿ ಸಿಗ್ನಲ್ ಸಾಲದೆ ಬೀಳುತ್ತದೆ, ತಡಬಡಾಯಿಸಿ 2.4ಕ್ಕೆ ವಾಪಸ್ ಬರುತ್ತದೆ, ರೂಟರ್ ಮತ್ತೆ ತಳ್ಳುತ್ತದೆ. ಹಳೇ ಡಬ್ಬಿಯಲ್ಲಿ ಇದ್ದಿದ್ದೇ 2.4 ಒಂದು. ತಳ್ಳುವುದಕ್ಕೆ ಬೇರೆ ಜಾಗವೇ ಇರಲಿಲ್ಲ. ಅಮ್ಮ ಹೇಳಿದ್ದರಲ್ಲಿ ಸತ್ಯ ಇತ್ತು.

ಪರಿಹಾರ ಅಂದರೆ ಆ ಆಯ್ಕೆಯನ್ನು ಆಫ್ ಮಾಡಿ, ಎರಡು ಬ್ಯಾಂಡ್‌ಗೆ ಎರಡು ಹೆಸರು ಕೊಡುವುದು. ಇದನ್ನು ಬಹಳ ಜನ ಹೇಳುತ್ತಾರೆ. ಆದರೆ ಯಾವ ಹೆಸರು ಯಾವುದಕ್ಕೆ ಅನ್ನುವುದು ಮುಖ್ಯ. ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ 2.4ಕ್ಕೇ ಇರಲಿ. ಹೊಸ ಹೆಸರು 5ಕ್ಕೆ ಕೊಡಿ. ನಮ್ಮನೆಯಲ್ಲಿ `Mane` ಅನ್ನುವುದು 2.4 ಆಗಿ ಉಳಿಯಿತು, 5ಕ್ಕೆ `Mane-5` ಅಂತ ಇಟ್ಟೆ. ಹೀಗೆ ಮಾಡಿದರೆ ಸ್ಪೀಕರ್, ಹಾಲ್‌ನ ಸ್ಮಾರ್ಟ್ ಬಲ್ಬು ಯಾವುದನ್ನೂ ಮತ್ತೆ ಸೆಟಪ್ ಮಾಡುವ ಕೆಲಸ ಇಲ್ಲ. ಫೋನು, ಲ್ಯಾಪ್‌ಟಾಪ್, ಟಿವಿಗಳಲ್ಲಿ ಹೊಸ ಹೆಸರಿಗೆ ಸೇರಿಸಿ, ಹಳೇ ಹೆಸರನ್ನು ಮರೆತುಬಿಡು ಅಂತ ಒತ್ತಿದರೆ ಆಯಿತು. ಉಲ್ಟಾ ಮಾಡಿದರೆ ಪರದೆಯೇ ಇಲ್ಲದ ಪ್ರತಿಯೊಂದು ಸಾಧನದ ಮುಂದೆ ಫೋನ್ ಹಿಡಿದು ಕೂರಬೇಕು.

ಇಲ್ಲಿ ಒಂದು ಎಚ್ಚರ. ಬೇರೆ ಹೆಸರು ಬೇಕು ಅಂತ ಸ್ಪೀಕರನ್ನು ಗೆಸ್ಟ್ ವೈಫೈಗೆ ಹಾಕಬೇಡಿ. ಗೆಸ್ಟ್‌ನಲ್ಲಿರುವ ಸಾಧನಕ್ಕೂ ಮನೆಯ ಮಿಕ್ಕ ಸಾಧನಗಳಿಗೂ ಮಧ್ಯೆ ಸಾಮಾನ್ಯವಾಗಿ ಗೋಡೆ ಇರುತ್ತದೆ. ಸ್ಪೀಕರ್ ಹಾಡುತ್ತದೆ, ಆದರೆ ಫೋನಿನಿಂದ ಅದಕ್ಕೆ ಹಾಡು ಕಳಿಸಲು ಹೋದರೆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಒಂದೇ ರೂಟರ್‌ನ 2.4ರಲ್ಲಿ ಸ್ಪೀಕರ್, 5ರಲ್ಲಿ ಫೋನ್ ಇದ್ದರೆ ಈ ತೊಂದರೆ ಇಲ್ಲ. ಎರಡೂ ಒಂದೇ ಮನೆಯ ಜಾಲ.

ನನಗೆ ಅಡ್ಡಿಯಾಗಿದ್ದು ಲಾಗಿನ್. ಸ್ಟಿಕ್ಕರ್‌ನಲ್ಲಿದ್ದ ಯೂಸರ್ ಹೆಸರಿನಿಂದ ಒಳಗೆ ಹೋದರೆ ಹೆಸರು, ಪಾಸ್‌ವರ್ಡ್ ಬದಲಾಯಿಸಬಹುದಿತ್ತು ಅಷ್ಟೇ. ಬ್ಯಾಂಡ್ ಬೇರೆ ಮಾಡುವ ಆಯ್ಕೆ ಕಾಣುತ್ತಲೇ ಇರಲಿಲ್ಲ. ಫೈಬರ್ ಕಂಪನಿಗಳು ಕೊಡುವ ಡಬ್ಬಿಗಳಲ್ಲಿ ಇದು ಮಾಮೂಲು. ಮತ್ತೆ ಫೋನ್ ಮಾಡಿದೆ. ಈ ಸಲ "ನೆಟ್ ನಿಲ್ಲುತ್ತಿಲ್ಲ" ಅನ್ನಲಿಲ್ಲ. "ಬ್ಯಾಂಡ್ ಸ್ಟೀರಿಂಗ್ ಆಫ್ ಮಾಡಿ, ಎರಡು ಹೆಸರು ಬೇರೆ ಮಾಡಿಕೊಡಿ" ಅಂದೆ. ಆಫೀಸಿನಲ್ಲಿ ಕೂತೇ ಮಾಡಿಕೊಟ್ಟರು, ಮನೆಗೆ ಬರಲೂ ಇಲ್ಲ. ಏನು ಬೇಕು ಅಂತ ಅವರ ಮಾತಿನಲ್ಲೇ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಅಲ್ಲಿಂದ ಸ್ಪೀಕರ್ ವೈಫೈನಲ್ಲಿ ಗಟ್ಟಿಯಾಗಿ ನಿಂತಿತು. ತಿಂಗಳುಗಳಿಂದ ಬೆಳಗಿನ ಹಾಡು ಮಧ್ಯೆ ನಿಂತಿಲ್ಲ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಸ್ಪೀಕರ್ ಇರುವವರಿಗೆ ಇನ್ನೊಂದು ಮಾತು. 2.4ರಲ್ಲಿ ನಮ್ಮಲ್ಲಿ 13ನೇ ಚಾನೆಲ್‌ವರೆಗೂ ಬಳಸಬಹುದು, ಅಲ್ಲಿ ಮಾರುವ ಸಾಧನಗಳು ಸಾಮಾನ್ಯವಾಗಿ 11ಕ್ಕೆ ನಿಲ್ಲುತ್ತವೆ. ರೂಟರ್ ಚಾನೆಲ್ ಆಟೋದಲ್ಲಿದ್ದು, ಅದು 12 ಅಥವಾ 13ಕ್ಕೆ ಹೋದರೆ ಆ ಸ್ಪೀಕರ್‌ಗೆ ನಿಮ್ಮ ವೈಫೈ ಕಾಣಿಸುವುದೇ ಇಲ್ಲ. ಇದರ ಲಕ್ಷಣ ಬೇರೆ: ಬಿಟ್ಟು ಬಿಟ್ಟು ಹೋಗುವುದಿಲ್ಲ, ಒಂದು ಬೆಳಗ್ಗೆಯಿಂದ ಪೂರ್ತಿ ಕಾಣೆ, ಚಾನೆಲ್ ಬದಲಾಗುವವರೆಗೂ ವಾಪಸ್ ಬರುವುದಿಲ್ಲ. ಚಾನೆಲ್ 1, 6, 11ರಲ್ಲಿ ಯಾವುದಾದರೂ ಒಂದಕ್ಕೆ ಕಟ್ಟಿಹಾಕಿದರೆ ಸಾಕು.

ಸ್ಪೀಕರ್ ಕಂಪನಿ ಮಾಡಬಹುದಾಗಿದ್ದ ಕೆಲಸ ಚಿಕ್ಕದು. ಆಪ್‌ನಲ್ಲಿ 2.4ರಲ್ಲೇ ಇರು ಅನ್ನುವ ಒಂದು ಬಟನ್, ಕೊನೇಪಕ್ಷ ಸಿಗ್ನಲ್ ತೋರಿಸುವ ಒಂದು ಸಾಲು. ಮೂರು ವರ್ಷದಲ್ಲಿ ಎಷ್ಟೋ ಅಪ್‌ಡೇಟ್ ಬಂದವು, ಎರಡೂ ಬರಲಿಲ್ಲ. ಹಾಡು ಕೇಳುವುದಕ್ಕೆ 2.4ರ ವೇಗ ಬೇಕಾದಷ್ಟಾಯಿತು, 5ರ ಅಗತ್ಯವೇ ಇಲ್ಲ.

ಈಗ ತಗೊಳ್ಳಬಹುದಾ ಅಂತ ಕೇಳಿದರೆ, ರೂಟರ್ ಪಕ್ಕದ ಕೋಣೆಯಲ್ಲಿ ಇಡುವವರು ಧಾರಾಳವಾಗಿ ತಗೊಳ್ಳಿ. ಎರಡು ಗೋಡೆ ಆಚೆ ಇಡುವವರು ಮೊದಲು ನಿಮ್ಮ ಫೈಬರ್‌ನವರು ಬ್ಯಾಂಡ್ ಬೇರೆ ಮಾಡಿಕೊಡುತ್ತಾರಾ ಅಂತ ವಿಚಾರಿಸಿ. ಮಾಡಿಕೊಟ್ಟ ಮೇಲೂ ಒಮ್ಮೊಮ್ಮೆ ಕಣ್ಣಿಡಬೇಕು. ಒಂದು ಸಲ ಅವರ ಕಡೆಯಿಂದ ರೂಟರ್‌ಗೆ ಅಪ್‌ಡೇಟ್ ಬಂದು ಎರಡು ಹೆಸರೂ ಮತ್ತೆ ಒಂದಾಗಿದ್ದವು. ಫೋನಿನ ವೈಫೈ ಪಟ್ಟಿಯಲ್ಲಿ `Mane-5` ಇಲ್ಲದ್ದು ನೋಡಿ, ಸ್ಪೀಕರ್ ತಕರಾರು ಶುರುಮಾಡುವ ಮೊದಲೇ ಫೋನ್ ಮಾಡಿ ಸರಿಮಾಡಿಸಿದೆ.