ಗೆಸ್ಟ್‌ ವೇಗಕ್ಕೆ ಯಾವ ಡಿಸ್ಕ್ ಕಂಟ್ರೋಲರ್: ಸಾಟಾ, ಸ್ಕಸಿ, ಎನ್‌ವಿಎಂಇ

ವರ್ಚುವಲ್ ಮೆಷಿನ್‌ನಲ್ಲಿ ಈ ಮೂರರ ನಡುವಿನ ದೊಡ್ಡ ವ್ಯತ್ಯಾಸ ಕೇಬಲ್ ವೇಗದ್ದಲ್ಲ, ಕ್ಯೂ ಎಷ್ಟಿದೆ ಅನ್ನೋದು. ಸಾಟಾ ಬಳಸುವ ಎಎಚ್‌ಸಿಐನಲ್ಲಿ ಒಂದು ಡಿಸ್ಕಿಗೆ ಒಂದೇ ಕ್ಯೂ, ಅದರಲ್ಲಿ ಹೆಚ್ಚೆಂದರೆ 32 ಕಮಾಂಡ್. ಎನ್‌ವಿಎಂಇಯಲ್ಲಿ ಹಲವು ಕ್ಯೂಗಳಿರುತ್ತವೆ, ಪ್ರತಿ ಸಿಪಿಯುಗೂ ತನ್ನದೇ ಒಂದು ಸಿಗಬಹುದು. ಒಂದೊಂದು ಕಮಾಂಡಿಗೆ ಸಿಪಿಯು ಮಾಡುವ ಕೆಲಸವೂ ಕಡಿಮೆ.

ನಾಲ್ಕು ಸಿಪಿಯು ಇರುವ ಡೇಟಾಬೇಸ್ ಗೆಸ್ಟ್ ಒಂದೇ ಸಲ 64 ಸಣ್ಣ ರೀಡ್ ಕಳಿಸಿತು ಅಂದುಕೊಳ್ಳಿ. ಸಾಟಾದಲ್ಲಿ ಅರ್ಧ ಗೆಸ್ಟ್ ಒಳಗೇ ಕಾಯುತ್ತವೆ. ಕೆಳಗೆ ಒಳ್ಳೆಯ ಎಸ್‌ಎಸ್‌ಡಿ ಇದ್ದರೆ ಇದು ಸುಮ್ನೆ ನಷ್ಟ. ಹೋಸ್ಟ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮಾತ್ರ ಕಂಟ್ರೋಲರ್ ಬದಲಿಸಿ ಜಾಸ್ತಿ ಲಾಭವಿಲ್ಲ. ಒಂದೊಂದೇ ಫೈಲ್ ಓದುವ ಕೆಲಸಕ್ಕೂ ಅಷ್ಟೇ.

ಸ್ಕಸಿಯಲ್ಲಿ ಹುಷಾರು. ಹಳೆ ಎಲ್‌ಎಸ್‌ಐ ಕಾರ್ಡಿನ ನಕಲು ಬೇರೆ, ವಿಎಂವೇರ್‌ನ ಪಿವಿಸ್ಕಸಿ ಅಥವಾ ಕೆವಿಎಂನ ವರ್ಟಿಯೋ-ಸ್ಕಸಿ ಬೇರೆ. ಕೊನೆಯ ಎರಡೂ ವರ್ಚುವಲ್ ಮೆಷಿನ್‌ಗಾಗಿಯೇ ಮಾಡಿದವು. ಒಂದೇ ಕಂಟ್ರೋಲರ್‌ಗೆ ತುಂಬಾ ಡಿಸ್ಕ್ ಬೇಕಿದ್ದರೆ ನನ್ನ ಆಯ್ಕೆ ಇವೇ. ಹೊಸ ಗೆಸ್ಟ್, ಎಸ್‌ಎಸ್‌ಡಿ ಹೋಸ್ಟ್ ಆದರೆ ಎನ್‌ವಿಎಂಇ. ಇನ್‌ಸ್ಟಾಲರ್‌ಗೆ ಬೇರೇನೂ ಕಾಣದಿದ್ದಾಗ ಸಾಟಾ.

ಈಗಾಗಲೇ ಸಾಟಾದಲ್ಲಿರುವ ವಿಂಡೋಸ್ ಗೆಸ್ಟನ್ನು ಒಮ್ಮೆಲೇ ಬದಲಿಸಿದರೆ `INACCESSIBLE_BOOT_DEVICE` ಎಂದು ನೀಲಿ ಪರದೆ ಬರಬಹುದು. ಮೊದಲು ಹೊಸ ಕಂಟ್ರೋಲರ್‌ಗೆ 1 ಜಿಬಿ ಖಾಲಿ ಡಿಸ್ಕ್ ಸೇರಿಸಿ ಬೂಟ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರ್ ಕಂಡ ಮೇಲೆ ಗೆಸ್ಟ್ ಆಫ್ ಮಾಡಿ, ಬೂಟ್ ಡಿಸ್ಕನ್ನು ಅದಕ್ಕೆ ಸರಿಸಿ. ಲಿನಕ್ಸ್‌ನಲ್ಲಿ ಎನ್‌ವಿಎಂಇಗೆ ಬದಲಿಸಿದರೆ `/dev/sda` ಹೋಗಿ `/dev/nvme0n1` ಆಗುತ್ತದೆ, ಹಾಗಾಗಿ `/etc/fstab`ನಲ್ಲಿ ಮೊದಲೇ `UUID` ಬರೆದಿರಿ.