ಮೊಮೆಂಟ್‌ಗೆ ಲಾರಿ ನಿಲ್ಲಿಸಿದ ಜಾಗದಲ್ಲೇ ರಿಯಾಕ್ಷನ್ ತೆಗೆಯಬೇಡಿ: ನನ್ನ ಲೆಕ್ಕ ಕೆಟ್ಟ ಕಥೆ

ತಾತ್ಕಾಲಿಕ ಸೇತುವೆಯೊಂದರ ಸ್ಟೀಲ್ ಬೀಮ್ ಲೆಕ್ಕ ನನ್ನದಾಗಿತ್ತು. ಮೊದಲ ಲಾರಿ ಪೂರ್ತಿ ಹತ್ತುವ ಮೊದಲೇ ಎ ತುದಿಯಲ್ಲಿ ಬೀಮ್ ಕೆಳಗಿಟ್ಟಿದ್ದ ಮರದ ದಿಮ್ಮಿ ನಜ್ಜುಗುಜ್ಜಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಬೀಮ್‌ಗೂ ಏನೂ ಆಗಲಿಲ್ಲ. ಕೆಟ್ಟಿದ್ದು ನನ್ನ ಲೆಕ್ಕ.

ಬೀಮ್ 10 ಮೀಟರ್, ಎರಡು ತುದಿಯಲ್ಲಿ ಸುಮ್ನೆ ಕೂತಿದ್ದು. ಎ ಇಂದ 4 ಮೀಟರ್‌ನಲ್ಲಿ ಒಂದು ಬೋಲ್ಟ್ ಜಾಯಿಂಟ್. ಅದನ್ನು ಸಿ ಎನ್ನೋಣ. ಲಾರಿಯ ಮೂರು ಆಕ್ಸಲ್‌ಗಳಿಂದ ಈ ಒಂದು ಬೀಮ್‌ನ ಪಾಲಿಗೆ ಬರುವ ಭಾರ ಇಷ್ಟು: ಮುಂದಿನದು 40 ಕಿಲೋನ್ಯೂಟನ್, ಅದರ 3 ಮೀಟರ್ ಹಿಂದೆ 80, ಮತ್ತೆ 1.5 ಮೀಟರ್ ಹಿಂದೆ 100. ಲಾರಿ ಎ ಕಡೆಯಿಂದ ಹತ್ತಿ ಬಿ ಕಡೆ ಇಳಿಯುತ್ತದೆ. ಬೀಮ್‌ನ ಸ್ವಂತ ತೂಕ, ಇಂಪ್ಯಾಕ್ಟ್ ಇವನ್ನು ಇಲ್ಲಿ ಬಿಟ್ಟಿದ್ದೇನೆ.

ಜಾಯಿಂಟ್ ಮೇಲೇ ನನ್ನ ಗಮನವೆಲ್ಲ ಇತ್ತು. ಸಿ ಯಲ್ಲಿನ ಬೆಂಡಿಂಗ್ ಮೊಮೆಂಟ್‌ಗೆ ಇನ್ಫ್ಲುಯೆನ್ಸ್ ಲೈನ್ ಎಳೆದೆ, ಅಂದರೆ 1 ಕಿಲೋನ್ಯೂಟನ್ ಭಾರ ಬೀಮ್ ಮೇಲೆ ಎಲ್ಲಿ ನಿಂತರೆ ಸಿ ಯಲ್ಲಿ ಎಷ್ಟು ಮೊಮೆಂಟ್ ಬರುತ್ತದೆ ಅಂತ ತೋರಿಸುವ ಗೆರೆ. ಎರಡು ತುದಿಯಲ್ಲಿ ಸೊನ್ನೆ, ಸಿ ಮೇಲೆ ಶಿಖರ. ಶಿಖರದ ಎತ್ತರ 4 × 6 / 10, ಅಂದರೆ 2.4 ಮೀಟರ್. ಎಡಕ್ಕೆ ಹೋದರೆ ಮೀಟರಿಗೆ 0.6 ಇಳಿಯುತ್ತದೆ, ಬಲಕ್ಕೆ 0.4. 100 ರ ಆಕ್ಸಲ್ ಸಿ ಮೇಲೆ ಬಂದಾಗ 80 ರದು 5.5 ಮೀಟರ್‌ನಲ್ಲಿ, 40 ರದು 8.5 ರಲ್ಲಿ.

```
M = 100×2.4 + 80×1.8 + 40×0.6 = 408
```

ಇದೇ ದೊಡ್ಡದು ಅಂತ ಖಾತ್ರಿ ಕೂಡ ಮಾಡಿಕೊಂಡೆ. ಅದಕ್ಕೆ ಸಿ ಯ ಎರಡೂ ಕಡೆ ಮೀಟರಿಗೆ ಸರಾಸರಿ ಎಷ್ಟು ಭಾರ ಇದೆ ಅಂತ ಹೋಲಿಸಿ ನೋಡಿದೆ. 100 ರ ಆಕ್ಸಲ್ ಸಿ ದಾಟುವ ಮುಂಚೆ ಎಡಭಾಗದಲ್ಲಿ ಭಾರವೇ ಇಲ್ಲ, ಬಲಭಾಗದಲ್ಲಿ 220 / 6. ದಾಟಿದ ಮೇಲೆ... ಅಲ್ಲ, ತಪ್ಪು ಹೇಳಿದೆ, ಲಾರಿ ಎ ಇಂದ ಬರುವುದರಿಂದ ಅದು ಉಲ್ಟಾ. ಸಿ ಗೆ ಬರುವ ಮುಂಚೆ ಎಡಕ್ಕೆ 100 / 4 = 25, ಬಲಕ್ಕೆ 120 / 6 = 20. ಸಿ ದಾಟಿದ ಮೇಲೆ ಎಡಕ್ಕೆ ಸೊನ್ನೆ, ಬಲಕ್ಕೆ ಸುಮಾರು 36.7. ಯಾವ ಕಡೆಯ ಸರಾಸರಿ ಜಾಸ್ತಿ ಅನ್ನುವುದು ಈ ಆಕ್ಸಲ್ ದಾಟುವಾಗಲೇ ಬದಲಾಗುತ್ತದೆ. ಹಾಗಾಗಿ 408 ಕಿಲೋನ್ಯೂಟನ್-ಮೀಟರ್ ಸರಿ. ಜಾಯಿಂಟ್ ಇವತ್ತಿಗೂ ಗಟ್ಟಿಯಾಗಿದೆ.

ಎಡವಿದ್ದು ಇದರ ನಂತರ. ಲಾರಿ ಹೇಗೂ ಅತಿ ಕೆಟ್ಟ ಜಾಗದಲ್ಲಿ ನಿಂತಿದೆ ಅಲ್ವಾ, ಅಲ್ಲೇ ಎ ಯ ರಿಯಾಕ್ಷನ್, ಅಂದರೆ ಆ ತುದಿಯ ಸಪೋರ್ಟ್ ಹೊರಬೇಕಾದ ಭಾರವನ್ನೂ ತೆಗೆದುಬಿಡೋಣ ಅಂದುಕೊಂಡೆ.

```
RA = 100×0.6 + 80×0.45 + 40×0.15 = 102
```

ಈ 102 ಕ್ಕೆ ದಿಮ್ಮಿ ಆರಿಸಿದೆ.

ಅದು ಕೆಟ್ಟ ಜಾಗವೇನೋ ಹೌದು, ಆದರೆ ಸಿ ಯ ಮೊಮೆಂಟ್‌ಗೆ ಮಾತ್ರ. ಎ ಯ ರಿಯಾಕ್ಷನ್‌ಗೆ ಅದರದೇ ಇನ್ಫ್ಲುಯೆನ್ಸ್ ಲೈನ್ ಇದೆ. ಎ ಮೇಲೆ 1, ಬಿ ಮೇಲೆ 0, ಮಧ್ಯೆ ನೇರ ಗೆರೆ. ಅದರ ಶಿಖರ ಸಿ ಯಲ್ಲಿ ಇಲ್ಲವೇ ಇಲ್ಲ, ತುದಿಯಲ್ಲಿದೆ. ಈಗ ಲಾರಿಯನ್ನು ನಿಧಾನವಾಗಿ ಹತ್ತಿಸಿ ನೋಡಿ. ಮುಂದಿನ ಆಕ್ಸಲ್ ಎ ಮೇಲೆ ಬಂದಾಗ 40. ಎರಡನೆಯದು ಬಂದಾಗ 80 + 40×0.7 = 108, ಅಲ್ಲಿಗೇ ನನ್ನ 102 ದಾಟಿತು. ದಿಮ್ಮಿ ಲಟಲಟ ಅಂದಿದ್ದೂ ಆಗಲೇ. ಮೂರನೆಯದು ಎ ಮೇಲೆ ಬಂದಾಗ:

```
RA = 100×1 + 80×0.85 + 40×0.55 = 190
```

ಹೆಚ್ಚುಕಮ್ಮಿ ಎರಡರಷ್ಟು! ಬಿ ಕಡೆಯೂ ನನ್ನ ಲೆಕ್ಕದಲ್ಲಿ 118 ಇತ್ತು. ಲಾರಿ ಇಳಿಯುವಾಗ 80 ರ ಆಕ್ಸಲ್ ಬಿ ಮೇಲಿದ್ದರೆ ಅಲ್ಲಿ 80 + 100×0.85 = 165 ಬರುತ್ತದೆ.

ನನ್ನ ಕಣ್ಣು ತಪ್ಪಿಸಿದ್ದು ಆ 102 ರ ರೂಪ. ಒಂದು ಆಕ್ಸಲ್ ನೇರ ಸಪೋರ್ಟ್ ಮೇಲೆ ನಿಂತರೆ ಅದರ ಪೂರ್ತಿ ಭಾರ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಗರಿಷ್ಠ ರಿಯಾಕ್ಷನ್ ಅತಿ ಭಾರದ ಆಕ್ಸಲ್‌ಗಿಂತ ಕಡಿಮೆ ಬಂದರೆ ಲೆಕ್ಕ ತಪ್ಪು ಅಂತ ತಕ್ಷಣ ಗೊತ್ತಾಗುತ್ತದೆ. ನನಗೆ 98 ಬಂದಿದ್ದರೆ ಸಿಕ್ಕಿಬೀಳುತ್ತಿದ್ದೆ. ಎರಡು ಕಿಲೋನ್ಯೂಟನ್ ಜಾಸ್ತಿ ಬಂದು ಪಾಸಾಗಿಬಿಟ್ಟಿತು.

ದಿಮ್ಮಿ ತೆಗೆದು ಸ್ಟೀಲ್ ಪ್ಲೇಟ್ ಹಾಕಿಸುವಾಗ ಸೈಟ್‌ನ ಮೇಸ್ತ್ರಿ ಕೇಳಿದರು, "ಸಾರ್, ಲಾರಿ ರಿವರ್ಸ್‌ನಲ್ಲಿ ಹತ್ತಿದರೆ?" ಒಳ್ಳೆ ಪ್ರಶ್ನೆ. ಆಗ 40 ರ ಆಕ್ಸಲ್ ಎಡಕ್ಕೆ, 100 ರದು ಬಲಕ್ಕೆ. ಎ ಯಲ್ಲಿ 165 ಕ್ಕಿಂತ ಹೆಚ್ಚು ಬರಲ್ಲ. ಮೊಮೆಂಟ್‌ಗೆ ಮಾತ್ರ ಇಲ್ಲೊಂದು ಗುಂಡಿ ಇದೆ. ಅಭ್ಯಾಸಬಲದಿಂದ 100 ನ್ನೇ ಸಿ ಮೇಲಿಟ್ಟರೆ 80 ರದು 2.5 ಮೀಟರ್‌ನಲ್ಲಿ, 40 ರದು ಬೀಮ್‌ನಿಂದ ಹೊರಗೆ. ಒಟ್ಟು 240 + 120 = 360. ಹೊರಗಿರುವ ಆಕ್ಸಲ್‌ಗೆ ಗೆರೆಯನ್ನು ಎಳೆದು ಮೈನಸ್ ಬೆಲೆ ಹಾಕುವವರನ್ನೂ ನೋಡಿದ್ದೇನೆ. ಹಾಕಬೇಡಿ, ಅಲ್ಲಿ ಬೀಮೇ ಇಲ್ಲ. 80 ನ್ನು ಸಿ ಮೇಲಿಟ್ಟರೆ 192 + 180 + 24 = 396. ಅತಿ ಭಾರದ ಆಕ್ಸಲ್ ಶಿಖರದ ಮೇಲೆ ಇಲ್ಲದಿದ್ದರೂ ಮೊಮೆಂಟ್ ಜಾಸ್ತಿ. 408 ಕ್ಕೆ ಮಾಡಿದ್ದರಿಂದ ಜಾಯಿಂಟ್ ಅದನ್ನೂ ತಡೆಯುತ್ತದೆ, ಮೇಸ್ತ್ರಿಗೆ ಹಾಗೇ ಹೇಳಿದೆ.