ತುಮಕೂರಿನ ಹೊರವಲಯದ ಬಡಾವಣೆಯವರೇ, ಪಿನ್‌ಕೋಡ್ ನೋಡಿ ಪೊಲೀಸ್ ಠಾಣೆ ಆರಿಸುವವರ ಮಾತು ನಂಬಬೇಡಿ

ಇನ್ನೂ ಸಿಟ್ಟು ಇಳಿದಿಲ್ಲ, ಹಾಗಾಗಿ ಬರಹ ಹಿಂದುಮುಂದಾದರೆ ಸಹಿಸಿಕೊಳ್ಳಿ. ನನ್ನ ಮಗನಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸೇರುವ ಮೊದಲು ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ತರಬೇಕು ಎಂದರು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಅದರಲ್ಲಿ ಜಿಲ್ಲೆ, ಆಮೇಲೆ ಠಾಣೆ ಆರಿಸಬೇಕು. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ನಾನು ನಮ್ಮ ಬಡಾವಣೆಯ ಹತ್ತಿರದ ಆನ್‌ಲೈನ್ ಅಂಗಡಿಗೆ ಹೋದೆ. ಅಂಗಡಿಯ ಹೆಸರು ಬರೆಯುವುದಿಲ್ಲ.

ಠಾಣೆ ಯಾವುದು ಎಂದು ಅವನೇ ಕೇಳಲಿಲ್ಲ. ನಾನೇ ಕೇಳಿದೆ: "ನಮ್ಮ ಮನೆ ಯಾವ ಠಾಣೆಗೆ ಬರುತ್ತದೆ ಅಂತ ಹೇಗೆ ಗೊತ್ತಾಗುತ್ತದೆ?" ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಆಧಾರ್‌ನಲ್ಲಿ ಪಿನ್‌ಕೋಡ್ ಇದೆಯಲ್ಲ ಸಾರ್, ಅದೇ ಸಾಕು. ದಿನಾ ಇದೇ ಕೆಲಸ ಮಾಡುತ್ತೇನೆ." ಪಟ್ಟಿ ತೆರೆದ, ನಮ್ಮ ಅಂಚೆಯ ಕಡೆಗೆ ಹೊಂದುವ ಒಂದು ಠಾಣೆಯ ಹೆಸರು ಒತ್ತಿದ, ಹಣ ಕಟ್ಟಿಸಿಕೊಂಡ, ಸ್ವೀಕೃತಿ ಚೀಟಿ ಕೊಟ್ಟ. ಮುಗಿಯಿತು.

ಆಮೇಲೆ ಕಾದೆವು. ಮನೆಗೆ ಬೀಟ್ ಪೊಲೀಸರು ಬರಲಿಲ್ಲ, ಫೋನೂ ಬರಲಿಲ್ಲ. ಕಾರ್ಖಾನೆಯವರು ದಿನಾ ಕೇಳುತ್ತಿದ್ದರು. ಕೊನೆಗೆ ನಾನೇ ಆ ಠಾಣೆಗೆ ಹೋಗಿ ಅರ್ಜಿ ಸಂಖ್ಯೆ ತೋರಿಸಿದೆ. ಅಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ವಿಳಾಸ ಓದಿ ನಕ್ಕರು. ಆ ನಗು ಇವತ್ತಿಗೂ ಕಿವಿಯಲ್ಲಿದೆ. "ಈ ಬಡಾವಣೆಯ ಮುಂದಿನ ರಸ್ತೆ ಇದೆಯಲ್ಲ, ಅದರ ಈ ಕಡೆ ನಮ್ಮ ಸರಹದ್ದು. ಆ ಕಡೆ ನಮ್ಮದಲ್ಲ. ನಿಮ್ಮ ಮನೆ ಆ ಕಡೆ. ಸರಹದ್ದಿಗೆ ಬರುವುದಿಲ್ಲ ಅಂತ ಆಗಲೇ ವರದಿ ಬರೆದು ಕಳಿಸಿಯಾಗಿದೆ." ಹಾಗಿದ್ದರೆ ಸರಿಯಾದ ಠಾಣೆಗೆ ನೀವೇ ಕಳಿಸಬಹುದಿತ್ತಲ್ಲ ಎಂದೆ. "ಅರ್ಜಿ ನಮಗೆ ಬಂದಿದೆ, ನಮ್ಮದಲ್ಲ ಅಂತ ಬರೆದಿದ್ದೇವೆ. ಅಷ್ಟೇ ನಮ್ಮ ಕೆಲಸ."

ಹತ್ತಾರು ಜನರ ಎದುರು, ಸ್ವಂತ ಮನೆ ಯಾವ ಠಾಣೆಗೆ ಸೇರಿದೆ ಎಂದು ಗೊತ್ತಿಲ್ಲದವನ ಹಾಗೆ ನಿಂತಿದ್ದೆ. ಎಷ್ಟೋ ವರ್ಷದಿಂದ ಅದೇ ಮನೆಯಲ್ಲಿದ್ದೇನೆ!

ಅಂಗಡಿಗೆ ವಾಪಸ್ ಹೋದೆ. ಅವನ ಉತ್ತರ ಕೇಳಿ: "ನೀವು ಕೊಟ್ಟ ಆಧಾರ್ ವಿಳಾಸವನ್ನೇ ಹಾಕಿದ್ದೇನೆ ಸಾರ್. ಠಾಣೆ ನೀವೇ ಹೇಳಬೇಕಿತ್ತು." ಹೇಳಬೇಕಿತ್ತಂತೆ! ಕೇಳಿದ್ದೇ ನಾನು, ಪಿನ್‌ಕೋಡ್ ಸಾಕು ಎಂದವನು ಅವನು. ಕಟ್ಟಿದ ಹಣದ ಮಾತೆತ್ತಿದರೆ, "ಅದು ಸರ್ಕಾರಕ್ಕೆ ಹೋಯಿತು, ಹೊಸ ಅರ್ಜಿಗೆ ಮತ್ತೆ ಕಟ್ಟಬೇಕು" ಎಂದ. ಅವನ ಸರ್ವೀಸ್ ಚಾರ್ಜೂ ಮತ್ತೆ ಬೇಕಂತೆ. ಮತ್ತೆ ಅವನ ಹತ್ತಿರ ಹೋಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಈಗ ಈ ಪಿನ್‌ಕೋಡ್ ವಿಷಯ. ಪಿನ್‌ಕೋಡ್ ಅಂಚೆ ಇಲಾಖೆಯದ್ದು, ಕಾಗದ ಹಂಚಲು. ಠಾಣೆಯ ಸರಹದ್ದನ್ನು ನಿಗದಿ ಮಾಡುವುದು ರಾಜ್ಯ ಸರ್ಕಾರ. ಎರಡಕ್ಕೂ ಸಂಬಂಧವೇ ಇಲ್ಲ. ತುಮಕೂರು ನಗರದಲ್ಲೇ ಟೌನ್, ತಿಲಕ್ ಪಾರ್ಕ್, ಹೊಸ ಬಡಾವಣೆ, ಜಯನಗರ, ಕ್ಯಾತ್ಸಂದ್ರ ಎಂದು ಠಾಣೆಗಳಿವೆ. ಅಂಚಿಗೆ ಗ್ರಾಮಾಂತರ ಠಾಣೆ, ಇನ್ನೂ ಆಚೆಗೆ ಹೆಬ್ಬೂರು, ಕೋರ, ಬೆಳ್ಳಾವಿ. ಊರು ಬೆಳೆದ ಹಾಗೆ ಹೊಲಗಳು ಬಡಾವಣೆಗಳಾದವು, ಬಡಾವಣೆಗೆ ಚೆಂದದ ಹೆಸರಿಟ್ಟರು. ಆದರೆ ಅಂಚಿನಲ್ಲಿ ಠಾಣೆಯ ಲೆಕ್ಕ ನಡೆಯುವುದು ಹಳೆಯ ಗ್ರಾಮದ ಹೆಸರಿನ ಮೇಲೆ. ನಮ್ಮ ಬಡಾವಣೆಯ ಅರ್ಧ ಜಮೀನು ಒಂದು ಗ್ರಾಮದ ಸರ್ವೆ ನಂಬರಿನದು, ಉಳಿದರ್ಧ ಪಕ್ಕದ ಗ್ರಾಮದ್ದು. ಹೆಸರು ಒಂದೇ, ನೀರಿನ ಟ್ಯಾಂಕು ಒಂದೇ, ಗಣೇಶನ ಪೆಂಡಾಲೂ ಒಂದೇ, ಠಾಣೆ ಮಾತ್ರ ಎರಡು!

ಇದು ನನಗೆ ಗೊತ್ತಾಗಿದ್ದು ಎರಡನೆಯ ಠಾಣೆಯಲ್ಲಿ. ಅಲ್ಲಿನ ರೈಟರ್ ಆಧಾರ್ ಕಾರ್ಡನ್ನು ಪಕ್ಕಕ್ಕಿಟ್ಟು, "ಮನೆಯ ಖಾತೆ ಇದೆಯಾ?" ಎಂದರು. ನಮೂನೆ 9 ತೆಗೆದುಕೊಟ್ಟೆ. ಅದರಲ್ಲಿ ಗ್ರಾಮ ಪಂಚಾಯಿತಿಯ ಜೊತೆಗೆ ಗ್ರಾಮದ ಹೆಸರೂ ಇರುತ್ತದೆ. ಆ ಹೆಸರು ನೋಡಿದ ತಕ್ಷಣ "ನಮ್ಮದೇ" ಎಂದು ಬೀಟ್ ನಂಬರನ್ನೂ, ಅದಕ್ಕೆ ಹಾಕಿರುವ ಕಾನ್‌ಸ್ಟೆಬಲ್ ಹೆಸರನ್ನೂ ಹೇಳಿದರು. ನಿಮಿಷದ ಕೆಲಸ. ಅಷ್ಟು ಹೊತ್ತಿಗೆ ಕಾರ್ಖಾನೆಯಲ್ಲಿ ಆ ಕೆಲಸಕ್ಕೆ ಬೇರೆ ಹುಡುಗನನ್ನು ತೆಗೆದುಕೊಂಡಾಗಿತ್ತು.

ಹಾಗಾಗಿ ಅರ್ಜಿ ಹಾಕುವ ಮೊದಲು ಖಾತೆಯನ್ನೋ ಕಂದಾಯ ರಸೀದಿಯನ್ನೋ ಹಿಡಿದು ಠಾಣೆಗೆ ಹೋಗಿ, ಬಾಡಿಗೆ ಮನೆಯಾದರೆ ಮಾಲೀಕರಿಂದ ಕೇಳಿ ಪಡೆಯಿರಿ. "ಈ ವಿಳಾಸ ನಿಮ್ಮದಾ" ಎಂದು ಮಾತ್ರ ಕೇಳಬೇಡಿ, "ಇದು ಯಾವ ಬೀಟ್" ಎಂದು ಕೇಳಿ. ಬೀಟ್ ಹೇಳಿದರೆ ಮನೆ ಅವರ ಸರಹದ್ದಿನಲ್ಲಿದೆ. "ಬರಬಹುದು, ನೋಡೋಣ" ಎಂದರೆ ಪಕ್ಕದ ಠಾಣೆಯಲ್ಲೂ ಕೇಳಿ. ಮೊಬೈಲ್ ನಕ್ಷೆಯಲ್ಲಿ ಹತ್ತಿರ ಕಾಣುವ ಠಾಣೆಯನ್ನು ನಂಬಬೇಡಿ, ನಮಗೆ ಹತ್ತಿರದ್ದು ನಮ್ಮದಲ್ಲ. ಪಾಲಿಕೆಗೆ ತೆರಿಗೆ ಕಟ್ಟುತ್ತೇವೆ, ಆದ್ದರಿಂದ ನಗರದ ಠಾಣೆಯೇ ಎಂದುಕೊಳ್ಳಲೂ ಬೇಡಿ, ಪಾಲಿಕೆಯ ಗಡಿಯೇ ಬೇರೆ. ಮನೆಯಲ್ಲಿ ಯಾರದ್ದೋ ಹಳೆಯ ಕಾಗದದಲ್ಲಿರುವ ಠಾಣೆಯ ಹೆಸರನ್ನು ಹಾಗೆಯೇ ನಕಲು ಮಾಡುವುದೂ ಬೇಡ, ಹೊಸ ಠಾಣೆ ಬಂದಾಗ ಸರಹದ್ದು ಬದಲಾಗುತ್ತದೆ.

ಇನ್ನೊಂದು, ದೂರು ಕೊಡುವ ಸಂಗತಿ. ನಮ್ಮ ಎದುರುಮನೆಯವರ ಬೈಕು ಅದೇ ರಸ್ತೆಯಲ್ಲಿ ಕಳುವಾದಾಗ ಎರಡೂ ಠಾಣೆಯವರು "ಆ ಕಡೆ ಹೋಗಿ" ಎಂದು ಓಡಾಡಿಸಿದರು. ದೂರಿನಲ್ಲಿ ನಮ್ಮ ಮನೆಯ ವಿಳಾಸ ಮುಖ್ಯವಲ್ಲ, ಕೃತ್ಯ ನಡೆದ ಜಾಗ ಮುಖ್ಯ. ಆದರೆ ಕಳ್ಳತನದಂಥ ಸಂಜ್ಞೇಯ ಅಪರಾಧಕ್ಕೆ "ನಮ್ಮ ಸರಹದ್ದಲ್ಲ" ಎಂದು ವಾಪಸ್ ಕಳಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಅದನ್ನೇ ಜೀರೋ ಎಫ್‌ಐಆರ್ ಎನ್ನುವುದು. ದಾಖಲಿಸಿಕೊಂಡು ಸರಿಯಾದ ಠಾಣೆಗೆ ಕಳಿಸುವುದು ಅವರ ಹೊಣೆ. ನಿರಾಕರಿಸಿದರೆ ದೂರನ್ನು ಬರಹದಲ್ಲಿ, ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ಎದುರುಮನೆಯವರು ಕಲಮಿನ ಸಂಖ್ಯೆ ಹೇಳಿದ ಮೇಲೆಯೇ ಕುರ್ಚಿ ಸಿಕ್ಕಿತು, ಎಫ್‌ಐಆರ್ ಪ್ರತಿಯೂ ಸಿಕ್ಕಿತು.

ಕ್ಲಿಯರೆನ್ಸ್ ಅರ್ಜಿಗೆ ಮಾತ್ರ ಈ ಅನುಕೂಲವಿಲ್ಲ. ಠಾಣೆ ತಪ್ಪಿತೆಂದರೆ ನಮ್ಮ ಹಾಗೆ ಮೊದಲಿನಿಂದ ಶುರು. ಅಂಗಡಿಯಲ್ಲೇ ಹಾಕಿಸುವುದಾದರೆ, ಠಾಣೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅವನ ಮುಂದಿಡಿ, ಸಲ್ಲಿಸುವ ಗುಂಡಿ ಒತ್ತುವ ಮೊದಲು ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. "ದಿನಾ ಇದೇ ಕೆಲಸ ಮಾಡುತ್ತೇನೆ ಸಾರ್" ಎಂದರೆ ಎದ್ದು ಬನ್ನಿ.